ರೇಣುಕಯ್ಯ ಬರೆದ ತಗಾದೆ ಕಾಗದ

ಸಿರಾ ಪೋಸ್ಟಾಫೀಸಿನಲ್ಲಿ ನಾನು ಗುಮಾಸ್ತನಾಗಿದ್ದಾಗ ಜಗಲಿಯ ಮೇಲೆ ಕೂತು ಕಾಗದ ಬರೆದುಕೊಡುತ್ತಿದ್ದವರು ರೇಣುಕಯ್ಯ. ಓದು ಬಾರದವರಿಗೆಲ್ಲ ಅವರೇ ಕೈ, ಅವರೇ ಬಾಯಿ. ಮನಸ್ತಾಪವಾಗದಂತೆ ಬಾಕಿ ವಸೂಲು ಮಾಡಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅದರ ಜಂಬವೂ ಇತ್ತು.

ಒಂದು ದಿನ ತಾವರೆಕೆರೆಯ ಕಾಟಪ್ಪ ಬಂದ. ಕಂಬಳಿ ನೇಯುವವನು. ಬೆಂಗಳೂರಿನ ಸಾಹುಕಾರ ಶಂಕರಲಿಂಗಪ್ಪನವರಿಗೆ ಕಂಬಳಿ ಕಳಿಸಿ ನಾಲ್ಕು ತಿಂಗಳಾಗಿತ್ತು. ಹಣ ಬಂದಿರಲಿಲ್ಲ.

"ನಮ್ಮ ಹೆಂಡ್ತಿ ಗಿರಿಯಮ್ಮಂಗೆ ಹೊಟ್ಟೆಯೊಳ್ಗೆ ಗಡ್ಡೆ, ಅಯ್ನೋರೆ. ಬೆಂಗ್ಳೂರಿಗೆ ಕರ್ಕೊಂಡು ಹೋಗಿ ಕುಯ್ಸಬೇಕು ಅಂದವ್ರೆ ಡಾಕ್ಟ್ರು. ಅದ್ನೂ ಬರೀರಿ."

"ಬೇಡ ಕಣಪ್ಪ. ಮನೆ ಕಷ್ಟ ತೋಡಿಕೊಂಡರೆ ಭಿಕ್ಷೆ ಬೇಡಿದಂಗೆ ಆಗುತ್ತೆ. ನಿನ್ನ ದುಡ್ಡು ನೀನು ಕೇಳ್ತಿದ್ದೀಯ, ತಲೆ ಎತ್ತಿಕೊಂಡೇ ಕೇಳು."

ನನಗೂ ರೇಣುಕಯ್ಯನವರ ಆ ಮಾತು ಹಿಡಿಸಿತು. ಬರೆದು ಮುಗಿಸಿ ಅವರು ಕಾಗದವನ್ನು ಓದಿ ಹೇಳಿದರು:

"ಮಹಾರಾಜಶ್ರೀ ಸಾಹುಕಾರ ಶಂಕರಲಿಂಗಪ್ಪನವರ ಸನ್ನಿಧಿಗೆ ಕಾಟಪ್ಪನ ವಿಜ್ಞಾಪನೆ. ಇತ್ತ ನಾವೆಲ್ಲ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಸುವುದು. ಇಪ್ಪತ್ತನಾಲ್ಕು ಕಂಬಳಿಯ ಬೀಜಕ ಅರವತ್ತು ರೂಪಾಯಿ. ಮುಂಗಡ ಇಪ್ಪತ್ತು ಸಂದಿದೆ, ನಲವತ್ತು ಬಾಕಿ. ಒಂದು ತಿಂಗಳ ವಾಯಿದೆ ಕಳೆದು ಮೂರು ತಿಂಗಳಾಯಿತು. ಮರೆತಿರಬಹುದೆಂದು ನೆನಪಿಸುತ್ತಿದ್ದೇನೆ. ದಯಮಾಡಿ ಎಂಟು ದಿನದೊಳಗೆ, ಬೋರಣ್ಣನ ಮಗ ಕಾಟಪ್ಪ, ಸಿರಾ ಪೋಸ್ಟಾಫೀಸು, ಎಂಬ ವಿಳಾಸಕ್ಕೆ ಮನಿಯಾರ್ಡರ್ ಮಾಡುವುದು. ಅಲ್ಲಿಯವರೆಗೆ ಹೊಸ ಸರಕು ಕಳಿಸಲಾಗದು."

ರಿಜಿಸ್ಟರ್ ಮಾಡಿ ನಾನೇ ರಸೀದಿ ಕೊಟ್ಟೆ.

ಎಂಟು ದಿನ ಹೋಯಿತು, ಹದಿನೈದೂ ಹೋಯಿತು. ಕಾಟಪ್ಪ ದಿನ ಬಿಟ್ಟು ದಿನ ನಡೆದು ಬರುತ್ತಿದ್ದ. ಆಮೇಲೆ ಬರುವುದನ್ನೇ ನಿಲ್ಲಿಸಿದ. ಇಪ್ಪತ್ತಾರನೆಯ ದಿನ ಮನಿಯಾರ್ಡರ್ ಬಂತು. ಕಾಟಪ್ಪನಿಗೆ ಹೇಳಿ ಕಳಿಸಿದೆವು. ಗಿರಿಯಮ್ಮ ತೀರಿಕೊಂಡು ಅಂದಿಗೆ ಒಂಬತ್ತು ದಿನವಾಗಿತ್ತು. ತಲೆ ಬೋಳಿಸಿಕೊಂಡು ಬಂದ ಅವನನ್ನು ಕಂಡೇ ನಮಗೆ ವಿಷಯ ತಿಳಿದದ್ದು.

ಫಾರಮ್ಮಿಗೆ ಅವನ ಹೆಬ್ಬೆಟ್ಟು ಒತ್ತಿಸಿದೆ. ಸಾಕ್ಷಿಗೆ ರೇಣುಕಯ್ಯ ರುಜು ಹಾಕಿದರು. ಕೂಪನ್ನಿನಲ್ಲಿ ಸಾಹುಕಾರರು ನಾಲ್ಕು ಸಾಲು ಬರೆದಿದ್ದರು.

"ಏನ್ ಬರ್ದವ್ರೆ, ಓದಿ ಸ್ವಾಮಿ," ಎಂದ ಕಾಟಪ್ಪ.

ಹಾಳು ಬಾಯಿ ನನ್ನದು, ಓದಿಬಿಟ್ಟೆ. "ತಡವಾದದ್ದಕ್ಕೆ ಕ್ಷಮಿಸುವುದು. ತಾವೆಲ್ಲ ಕ್ಷೇಮವೆಂದು ತಿಳಿದು ಸಂತೋಷವಾಯಿತು. ಹಾಗಾಗಿ ತುಸು ತಡೆದರೂ ತೊಂದರೆಯಾಗದೆಂದು ಬೇರೆಯವರ ಬಾಕಿ ಮೊದಲು ತೀರಿಸಿದೆ."

ಕ್ಷೇಮವೆಂಬ ಆ ಸಾಲನ್ನು ರೇಣುಕಯ್ಯ ನೆನೆದು ಬರೆದದ್ದಲ್ಲ. ಮೂವತ್ತು ವರ್ಷದಿಂದ ಎಲ್ಲರ ಕಾಗದದಲ್ಲೂ ಅದು ತಾನಾಗಿಯೇ ಬೀಳುತ್ತಿತ್ತು. ಅವರ ಮುಖ ಬಿಳುಚಿಕೊಂಡಿತು. ನನಗೆ ಅವರ ಮೇಲೆ ಸಿಟ್ಟು ಬಂತು, ನನ್ನ ಮೇಲೂ ಬಂತು. ಅಂದು ಕಾಗದ ಓದುವಾಗ ಕೇಳಿಸಿಕೊಂಡು ತಲೆದೂಗಿದವನು ನಾನೇ ಅಲ್ಲವೇ?

ಕಾಟಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನಿಗೆ ಅರ್ಥವಾಯಿತೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ಹಣ ಪಂಚೆಯ ತುದಿಗೆ ಕಟ್ಟಿಕೊಂಡು, ಎರಡಾಣೆ ತೆಗೆದು ರೇಣುಕಯ್ಯನವರ ಮುಂದೆ ಇಟ್ಟ.

"ಅವತ್ತು ಬರೆಸಿದ್ ಕೂಲಿ ಕೊಟ್ಟೇ ಇರ್ಲಿಲ್ಲ. ತಗಳಿ ಅಯ್ನೋರೆ, ನಿಮ್ ಕಾಗ್ದದಿಂದ್ಲೇ ದುಡ್ ಬಂತು."