ಮೇಲಿನ ಮನೆಗೆ ಬರೆದ ಕಾಗದ

ಕುಂದಾಪುರ ಕಡೆಯ ಹರಿಣಾಕ್ಷಿ ಜಗಳಕ್ಕೆ ಹೆದರುವ ಹೆಂಗಸು. ಮಹಾರಾಷ್ಟ್ರದ ನಾಸಿಕ್ ರೋಡ್ ಊರಿನಲ್ಲಿ ಗಂಡನಿಗೆ ಹೋಟೆಲಿತ್ತು. ಸಾಲ ಮಾಡಿ ಅಲ್ಲೇ ಕೆಳಮಹಡಿಯಲ್ಲಿ ಪುಟ್ಟ ಮನೆ ಕೊಂಡಿದ್ದರು. ೧೯೭೪ರ ಚಳಿಗಾಲದಲ್ಲಿ ಬಚ್ಚಲಿನ ಛಾವಣಿಯಲ್ಲಿ ಎದ್ದ ಹಳದಿ ಕಲೆ ಅಡುಗೆಮನೆಯವರೆಗೂ ಹರಡಿತು. ಮೇಲಿನ ಮನೆಯ ಬಚ್ಚಲ ಪೈಪು ಸೋರುತ್ತಿತ್ತು.

ಮೇಲಿದ್ದವರು ಬೀದರಿನ ಕಾಶಿಬಾಯಿ, ಹರಿಣಾಕ್ಷಿಯ ಬಾಣಂತನ ಮಾಡಿದವರು. ಅವರ ಮುಖ ನೋಡಿ ಹೇಳಲಾಗದೆ ಅವಳು ಕಾಗದ ಬರೆದಳು: "ದಯವಿಟ್ಟು ಪೈಪು ರಿಪೇರಿ ಮಾಡಿಸಿ. ಖರ್ಚನ್ನು ಎರಡೂ ಮನೆಯವರು ಅರ್ಧರ್ಧ ಹಾಕಿಕೊಳ್ಳೋಣ." ಅದನ್ನು ಬಾಗಿಲಡಿ ತೂರಿಸಿ, ಸದ್ದಿಲ್ಲದೆ ಇಳಿದು ಬಂದಳು.

ಮಧ್ಯಾಹ್ನ ಕಾಶಿಬಾಯಿ ಅದೇ ಕಾಗದ ಹಿಡಿದು ಬಂದರು.

"ತಂಗಿ, ಯಾರೋ ಬಾಗಲ್ದಾಗ ಹಾಕ್ಯಾರ. ನನಗ ಓದಲಿಕ್ಕ ಬರಂಗಿಲ್ಲ. ಏನದ ಓದಿ ಹೇಳ್ರಿ."

ಖರ್ಚಿನ ಮಾತು ಬಿಟ್ಟು ಓದಲೇ ಎಂದು ಹರಿಣಾಕ್ಷಿಗೆ ಅನ್ನಿಸಿತು. ಆದರೂ ಎಲ್ಲವನ್ನೂ, ಕೊನೆಯಲ್ಲಿ ಬರೆದಿದ್ದ ತನ್ನ ಹೆಸರನ್ನೂ ಓದಿದಳು.

ಕಾಶಿಬಾಯಿ ಒಳಹೋಗಿ, ಕತ್ತೆತ್ತಿ ಕಲೆಯನ್ನು ನೋಡಿದರು.

"ಇಷ್ಟಾಗೋ ತನಕ ಸುಮ್ನಿದ್ರಿ? ಬಾಯಿಲೆ ಹೇಳಿದ್ರ ಆಗ್ತಿತ್ತಲ್ಲ."

"ನೀವು ಬೇಜಾರು ಮಾಡ್ಕೊಳ್ತೀರಿ ಅಂತ ಹೆದರಿಕೆ ಆಯ್ತು, ಅಕ್ಕ."

"ಈಗ ಆಗ್ಯದ," ಎಂದು ಅವರು ಮೆಟ್ಟಿಲು ಹತ್ತಿದರು. ಆ ರಾತ್ರಿ ಹರಿಣಾಕ್ಷಿಗೆ ಊಟ ಸೇರಲಿಲ್ಲ.

ಮರುದಿನ ಕಾಶಿಬಾಯಿಯ ಗಂಡ ಗುರುಲಿಂಗಪ್ಪ ಪ್ಲಂಬರನನ್ನು ಕರೆತಂದರು. ಅವನು ನೆಲ ಒಡೆದು, ಪೈಪಿನ ಸಡಿಲ ಜೋಡಣೆಯನ್ನು ಬಿಗಿಮಾಡಿ, ಸಿಮೆಂಟು ಹಾಕಿದ. ಖರ್ಚನ್ನು ಎರಡೂ ಮನೆಯವರು ಅರ್ಧರ್ಧ ಕೊಟ್ಟರು. ಸಿಮೆಂಟು ಒಣಗುವವರೆಗೆ ಮೇಲಿನವರಿಗೆಲ್ಲ ಕೆಳಗಿನ ಮನೆಯಲ್ಲೇ ಸ್ನಾನ. ಮೊದಲ ದಿನ ಕಾಶಿಬಾಯಿ ಬಿಗುಮುಖದಿಂದಲೇ ಬಂದರು. ಎರಡನೆಯ ದಿನ ಬೆನ್ನುಜ್ಜಲು ಹರಿಣಾಕ್ಷಿಯನ್ನು ಕೂಗಿದರು.