ಅಕ್ಕನ ಹದಿನೇಳು ವರ್ಷ

ನಮ್ಮಕ್ಕ ಹದಿನೇಳು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಮಕ್ಕಳು ಕಡಿಮೆಯಾದರೆಂದು ಶಾಲೆಯವರು ಹೈಸ್ಕೂಲು ವಿಭಾಗವನ್ನೇ ಮುಚ್ಚಲು ಹೊರಟರು. ಬೇರೆ ಶಾಲೆಗಳು ಕರೆದವು, ಆದರೆ ಹೊಸಬಳಾಗಿ, ಹೊಸಬರ ಸಂಬಳಕ್ಕೇ ಶುರುಮಾಡಬೇಕಂತೆ. ಅಕ್ಕನಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ನಾನು ಕಂಪನಿ ಟ್ರೈನರ್ ಆಗ್ತೀನಿ, ನೌಕರರಿಗೆ ಕಲಿಸ್ತೀನಿ. ಆದ್ರೆ ಹದಿನೇಳು ವರ್ಷ ನೀರಿಗೆ ಹಾಕಲ್ಲ" ಎಂದಳು.

ನಾನು ಒಂದು ಕಂಪನಿಯಲ್ಲಿ ಜನರನ್ನು ಕೆಲಸಕ್ಕೆ ಆರಿಸುವವಳು. ದಿನಕ್ಕೆ ನೂರು ರೆಸ್ಯೂಮೆ ನೋಡಿ ತೊಂಬತ್ತು ಪಕ್ಕಕ್ಕಿಡುತ್ತೇನೆ. ಅಕ್ಕನದನ್ನು ಅಡುಗೆಮನೆ ಮೇಜಿನ ಮೇಲೆ ಬಿಚ್ಚಿದರೆ ಅದೂ ಪಕ್ಕಕ್ಕಿಡುವಂಥದ್ದೇ. 'ವಿಜ್ಞಾನ ಬೋಧನೆ. ಪರೀಕ್ಷಾ ಮೇಲ್ವಿಚಾರಣೆ. ಶಿಸ್ತು ಸಮಿತಿ ಸದಸ್ಯೆ.'

"ಅಕ್ಕ, ಏನ್ ಮಾಡ್ದೆ ಅಂತ ಇದೆ. ಅದ್ರಿಂದ ಏನಾಯ್ತು ಅಂತ ಎಲ್ಲಿದೆ?" ಎಂದೆ.

ಜಾಣತನ ತೋರಿಸಲು ಹೋಗಿ ಪಾಲಕರ ಸಭೆಯನ್ನು 'ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್' ಎಂದು ಬರೆದೆ. ಅಕ್ಕ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದಳು. "ಇದ್ರ ಬಗ್ಗೆ ಯಾರಾದ್ರೂ ಕೇಳಿದ್ರೆ ಏನಂತ ಬಡಬಡಿಸ್ಲಿ? 'ಸಿಟ್ಟಾಗಿ ಬಂದ ಪಾಲಕರನ್ನ ಸಮಾಧಾನದಿಂದ ಒಪ್ಪಿಸಿದ್ದು' ಅಂತ ಬರಿ." ಅವಳು ಹೇಳಿದ್ದೇ ಸರಿ. ಪ್ರತಿ ಸಾಲಿನ ಹಿಂದೆ ಒಂದು ನಿಜವಾದ ಘಟನೆ ಇರಬೇಕೆಂದು ನಿಯಮ ಮಾಡಿಕೊಂಡೆವು. ಪಾಠಯೋಜನೆ ತರಬೇತಿ ವಿನ್ಯಾಸವಾಯಿತು, ಕಿರುಪರೀಕ್ಷೆ ಕಲಿಕೆಯ ಮೌಲ್ಯಮಾಪನವಾಯಿತು.

"ದೊಡ್ಡವರಿಗೆ ಯಾವತ್ತಾದ್ರೂ ಕಲಿಸಿದ್ದೀಯಾ?"

"ಇಲ್ವಲ್ಲೇ. ಹಾಜರಿ, ಅಂಕ ಎಲ್ಲ ಕಂಪ್ಯೂಟರಿಗೆ ಬಂದಾಗ ಟೀಚರ್‌ಗಳಿಗೆ ಹೇಳ್ಕೊಟ್ಟಿದ್ದೆ ಅಷ್ಟೆ. ಅದೂ ಒಂದು ಕೆಲಸಾನಾ?"

ಹಿತ್ತಲ ಗಿಡ ಮದ್ದಲ್ಲ! ಕೆದಕಿ ಕೇಳಿದರೆ ಮೂವತ್ತೊಂದು ಜನ ಶಿಕ್ಷಕರು, ಮೂರು ವಾರ. ಅಂಕ ತುಂಬುವಾಗಿನ ತಪ್ಪುಗಳು ಒಂದು ಪರೀಕ್ಷೆಗೆ ನೂರಾ ನಲವತ್ತಿದ್ದದ್ದು ಹನ್ನೊಂದಕ್ಕೆ ಇಳಿದಿದ್ದವು. ಅದನ್ನೇ ಮೊದಲ ಸಾಲು ಮಾಡಿದೆ. ಹತ್ತು ಕಡೆ ಕಳಿಸಿದ್ದರಲ್ಲಿ ಫ್ರಿಜ್ಜು, ವಾಷಿಂಗ್ ಮಷಿನ್ ರಿಪೇರಿ ಸೇವೆ ಕೊಡುವ ಒಂದು ಕಂಪನಿ ಸಂದರ್ಶನಕ್ಕೆ ಕರೆಯಿತು.

ಅಲ್ಲಿ ನಡೆದದ್ದನ್ನು ಅಕ್ಕನೇ ಹೇಳಿದಳು. ಗಾಜಿನ ಕೋಣೆ, ಎದುರಿಗೆ ತರಬೇತಿ ವಿಭಾಗದ ಮೇಡಂ, ಸೇಲ್ಸ್ ಮುಖ್ಯಸ್ಥರು, ಇನ್ನಿಬ್ಬರು. ಗ್ರಾಹಕರ ದೂರು ದಾಖಲಿಸುವ ವಿಧಾನದ ಒಂದು ಹಾಳೆ ಕೊಟ್ಟು, "ಇಪ್ಪತ್ತು ನಿಮಿಷ ತಯಾರಿ, ಹತ್ತು ನಿಮಿಷ ಪಾಠ. ನಾವೇ ಹೊಸ ನೌಕರರು" ಎಂದರಂತೆ. ಪಾಠ ಶುರುವಾಗಿ ಎರಡು ನಿಮಿಷಕ್ಕೆ ಸೇಲ್ಸ್ ಮುಖ್ಯಸ್ಥರು ಮೇಜಿನ ಕೆಳಗೆ ಫೋನು ಒತ್ತುತ್ತಿದ್ದರು. ಅಕ್ಕ ಮಾತು ನಿಲ್ಲಿಸದೆ ಅವರ ಹತ್ತಿರ ಹೋಗಿ ಕೈ ಚಾಚಿಬಿಟ್ಟಳು. ಅವರೂ ಪಾಪ, ಫೋನು ಕೊಟ್ಟುಬಿಟ್ಟರು!

ಇದು ತರಗತಿಯಲ್ಲವೆಂದು ಅಕ್ಕನಿಗೆ ಆಗಲೇ ಹೊಳೆದದ್ದಂತೆ. ಆದರೆ ತರಗತಿ ನಿಭಾಯಿಸಿದವಳು ಅಷ್ಟಕ್ಕೆ ಹೆದರುತ್ತಾಳೆಯೇ? ಫೋನು ವಾಪಸ್ಸು ಕೊಟ್ಟು, "ಕ್ಷಮಿಸಿ ಸರ್, ಹಳೇ ಚಾಳಿ. ತಪ್ಪು ನಂದೂ ಇದೆ, ನಿಮಗೆ ಮಾಡೋಕೆ ಕೆಲಸಾನೇ ಕೊಟ್ಟಿಲ್ಲ. ಈಗ ನೀವು ಸಿಟ್ಟಾದ ಗ್ರಾಹಕರು. ಮೇಡಂ ನಿಮ್ಮ ದೂರು ಬರ್ಕೋತಾರೆ" ಎಂದಳು. ಸಾಹೇಬರು ಸಿಟ್ಟನ್ನು ಚೆನ್ನಾಗಿಯೇ ನಟಿಸಿದರು. ಮೇಡಂ ದೂರು ಬರೆಯುವಾಗ ಹಾಳೆಯಲ್ಲಿದ್ದ ಮೂರನೇ ಹಂತ ಬಿಟ್ಟುಹೋಯಿತು. ಎಲ್ಲಿ ತಪ್ಪಿತೆಂದು ಅಕ್ಕ ಉಳಿದಿಬ್ಬರ ಬಾಯಲ್ಲೇ ಹೇಳಿಸಿದಳು.

"ಕಲಿತರೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಮೇಡಂ ಕೇಳಿದರು.

"ಅರ್ಥ ಆಯ್ತಾ ಅಂದ್ರೆ ಎಲ್ರೂ ಆಯ್ತು ಅಂತಾರೆ ಮೇಡಂ. ಎರಡು ವಾರ ಬಿಟ್ಟು, ಅವರು ನಿಜವಾಗಿ ಬರ್ಕೊಂಡಿರೋ ದೂರುಗಳನ್ನ ನೋಡ್ತೀನಿ."

ನಾಲ್ಕು ದಿನಕ್ಕೆ ಕಂಪನಿಯ ನೇಮಕಾತಿ ವಿಭಾಗದಿಂದ ಫೋನು. ಅಕ್ಕ ಸ್ಪೀಕರಿಗೆ ಹಾಕಿದಳು. ಆಯ್ಕೆಯಾಗಿದ್ದಾಳೆ, ಆದರೆ ಕಂಪನಿ ಅನುಭವ ಇಲ್ಲವಾದ್ದರಿಂದ ಫ್ರೆಷರ್ ದರ್ಜೆಯಂತೆ, ಮತ್ತೆ ಹೊಸಬಳೇ. ಒಪ್ಪಿಕೋ ಒಪ್ಪಿಕೋ ಎಂದು ನಾನು ಕೈಸನ್ನೆ ಮಾಡಿದೆ. ಕಚೇರಿಯಲ್ಲಿ ನಾನೂ ಎಷ್ಟೋ ಜನರಿಗೆ ಇದೇ ಮಾತು ಹೇಳಿದವಳು.

ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಸರ್, ಅವತ್ತು ಆ ಹತ್ತು ನಿಮಿಷ ನಾನು ಮಾಡಿದ್ದು ಫ್ರೆಷರ್ ಮಾಡೋ ಕೆಲಸಾನಾ ಅಂತ ಅಲ್ಲಿದ್ದ ನಾಲ್ಕು ಜನರನ್ನ ಕೇಳಿ. ಹೌದು ಅಂದ್ರೆ ನಾಳೇನೇ ಸೇರ್ತೀನಿ."

"ಕೇಳಿ ಹೇಳ್ತೀನಿ ಮೇಡಂ" ಎಂದು ಆತ ಫೋನು ಇಟ್ಟುಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿಕೊಂಡೆಯಲ್ಲಕ್ಕಾ ಎಂದು ನಾನು ಎರಡು ದಿನ ರೇಗಿದೆ. ಅವಳು ತನ್ನ ಶಾಲೆಯ ಕೊನೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಳು.

ಮೂರನೇ ದಿನ ಕಂಪನಿಯಿಂದ ನೇಮಕಾತಿ ಪತ್ರ ಬಂತು. ಹುದ್ದೆ ಹಿರಿಯ ತರಬೇತುದಾರರು, ಅನುಭವ ಹದಿನೇಳು ವರ್ಷ. ನಾನು ಕುಣಿದೆ. ಅಕ್ಕ ಮಾತ್ರ ಆ ಸಂಖ್ಯೆಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಹತ್ತಿರ ಹೋಗಿ ನೋಡಿದರೆ ಕಣ್ಣು ತುಂಬಿತ್ತು.

"ಮಕ್ಕಳಿಗೆ ಕಲಿಸಿದ್ದನ್ನೂ ಸೇರಿಸಿದ್ದಾರೆ ಕಣೇ" ಎಂದಳು.