ಮ್ಯೂಟ್ ತೆಗೆಯದೆ ತೋರಿಸಿದ ಐದು ಸೀರೆ

ಅವತ್ತು ಬೆಳಿಗ್ಗೆ ಅಂಗಳ ಗುಡಿಸಿದೆ. ನಲ್ಲಿ ಬಂದಿತ್ತು, ಎರಡು ಡ್ರಮ್ಮು ತುಂಬಿಸಿದೆ. ನಾದಿನಿಯ ಮಗ್ಗದ ಲಾಳಿಯೊಳಗೆ ಕೂರುವ ಎಂಟು ಕಂಡಿಕೆಗೆ ನೂಲು ಸುತ್ತಿಕೊಟ್ಟೆ. ರಾಗಿಹಿಟ್ಟು ಜರಡಿ ಹಿಡಿದೆ, ಹುರುಳಿಕಾಳು ನೆನೆಹಾಕಿದೆ, ಫೋನು ಚಾರ್ಜಿಗೆ ಹಾಕಿದೆ. ಹತ್ತು ಗಂಟೆಗೆ ಹೊಸ ಕೆಲಸದ ಮೊದಲ ಮೀಟಿಂಗು.

ಮೊಳಕಾಲ್ಮುರಿನ ಮಗ್ಗದ ಮನೆಗಳಿಂದ ರೇಷ್ಮೆ ಸೀರೆ ತೆಗೆದುಕೊಂಡು ಆನ್‌ಲೈನಿನಲ್ಲಿ ಮಾರುವ ಸಣ್ಣ ಕಚೇರಿ ಅದು, ಇರುವುದು ಚಳ್ಳಕೆರೆಯಲ್ಲಿ. ಸೀರೆ ಪರೀಕ್ಷೆ ಮಾಡುವವಳು ನಾನು. ವಾರಕ್ಕೆರಡು ದಿನ ಬಸ್ಸು, ಉಳಿದ ದಿನ ಮನೆಯಿಂದಲೇ. ಅವತ್ತು ಮಾತಾಡಬೇಕಾಗಿದ್ದು ಐದು ಸೀರೆಯ ಬಗ್ಗೆ. ನೇಯ್ದವಳು ನನ್ನ ನಾದಿನಿಯೇ, ಇದನ್ನು ಮೊದಲೇ ಕಚೇರಿಗೆ ತಿಳಿಸಿದ್ದೆ. ನಾನು ಕಳಿಸಿದ್ದ ಫೋಟೋದಲ್ಲಿ ಅಂಚು ಒಡಲು ಸೇರುವಲ್ಲಿ ಹಲ್ಲುಹಲ್ಲಾಗಿ ಕಂಡದ್ದನ್ನು ನೋಡಿ, ಹರಿದದ್ದನ್ನು ಹೊಲಿದಿದ್ದಾರೆ ಅಂತ ಅವರಿಗೆ ಅನುಮಾನ. ಅವತ್ತು ನಾನು ಒಪ್ಪಿಸದಿದ್ದರೆ ಐದನ್ನೂ ಬೇಡವೆನ್ನುತ್ತಿದ್ದರು. ನಾಲ್ಕು ತಿಂಗಳ ದುಡಿಮೆ.

ಮೀಟಿಂಗು ಶುರುವಾದಾಗ ಒಳಗೆ ಮಗ್ಗ ಬಡಿಯುತ್ತಿತ್ತು. ಗದ್ದಲ ಇರುವವರು ಮೈಕು ಮುಚ್ಚಿಕೊಳ್ಳಿ ಎಂದರು ನಮ್ಮ ಟೀಮಿನ ಹಿರಿಯರು. ಚಳ್ಳಕೆರೆಯ ಶೇಂಗಾ ವ್ಯಾಪಾರದ ಮನೆಯವರು, ರೇಷ್ಮೆಗೆ ಹೊಸಬರು. ನಾನು ಒತ್ತಿದೆ. ಮೈಕಿನ ಚಿತ್ರದ ಮೇಲೆ ಕೆಂಪು ಗೀಟು ಬಿತ್ತು. ಮೊದಲ ಸಲಕ್ಕೇ ಸರಿಯಾಗಿ ಮಾಡಿದೆನೆಂಬ ಹೆಮ್ಮೆಯೂ ಆಯಿತು.

ನನ್ನ ಸರದಿ ಬಂದಾಗ ನಾದಿನಿಗೆ ಮಗ್ಗ ನಿಲ್ಲಿಸಲು ಹೇಳಿದೆ. ಅವಳು ಅಡುಗೆಮನೆಗೆ ಹೋದಳು. ಫೋನನ್ನು ಕಿಟಕಿಗೆ ಆನಿಸಿ, ಸೀರೆ ಪೂರ್ತಿ ಕಾಣಲೆಂದು ಆರು ಹೆಜ್ಜೆ ಹಿಂದೆ ಸರಿದೆ. ರೇಷ್ಮೆ ಮುಟ್ಟುವ ಮುಂಚೆ ನಮ್ಮಲ್ಲಿ ಎಳೆಗೆ ಸಿಕ್ಕುವಂಥದ್ದೆಲ್ಲ ತೆಗೆದಿಡುತ್ತೇವೆ. ಬಳೆ ತೆಗೆದೆ, ಉಂಗುರ ತೆಗೆದೆ, ವೈರಿನ ಇಯರ್‌ಫೋನನ್ನೂ ಕಿವಿಯಿಂದ ತೆಗೆದು ಕಿಟಕಿಯ ಮೇಲೆ ಬಳೆಗಳ ಪಕ್ಕ ಇಟ್ಟೆ. ಅದರ ಪಿನ್ನು ಫೋನಿನಲ್ಲೇ ಇತ್ತು. ಓದುವ ಕನ್ನಡಕವೂ ಅಲ್ಲೇ ಉಳಿಯಿತು.

ಆಮೇಲೆ ಮಾತಾಡಿದೆ. ಒಡಲಿಗೊಂದು, ಎರಡು ಅಂಚಿಗೆ ಒಂದೊಂದು, ಒಟ್ಟು ಮೂರು ಲಾಳಿ ಓಡುತ್ತವೆ. ಒಡಲಿನ ಬಣ್ಣದ ಎಳೆ ಅಂಚಿನ ಎಳೆಯನ್ನು ಕೊಂಡಿಯ ಹಾಗೆ ಹಿಡಿದು ತಿರುಗುತ್ತದೆ. ಆ ಹಿಡಿತವೇ ನಿಮಗೆ ಹಲ್ಲಿನಂತೆ ಕಾಣುವುದು. ಹಿಂಬದಿ ತಿರುಗಿಸಿದೆ. ಹೆಬ್ಬೆರಳುಗಳ ನಡುವೆ ಹಿಡಿದು ಜಗ್ಗಿದೆ. ಮೂರನೆಯ ಸೀರೆ ಜಗ್ಗಿದಾಗ ಒಂದು ಕಡೆ ಬೆಳಕು ಕಂಡಿತು. ಅಲ್ಲಿ ಕೊಂಡಿ ತಪ್ಪಿತ್ತು. ಅದನ್ನೂ ಹೇಳಿ ಮುಂದಿನದಕ್ಕೆ ಹೋದೆ. ಪರದೆಯ ಮೇಲ್ಗಡೆ ಏನೋ ಪಟ್ಟಿ ಮೂಡಿ ಮೂಡಿ ಹೋಗುತ್ತಿತ್ತು, ಜಾಹೀರಾತು ಇರಬೇಕೆಂದುಕೊಂಡೆ. ಯಾರೂ ಅಡ್ಡ ಮಾತಾಡಲಿಲ್ಲ. ಎಷ್ಟು ಮರ್ಯಾದಸ್ತ ಜನ ಅನಿಸಿತು.

ಐದನೆಯದನ್ನು ಮಡಿಸುವಾಗ ನಾದಿನಿ ತನ್ನ ಫೋನು ಹಿಡಿದು ಬಂದಳು. ನಮ್ಮದು ತೆಲುಗು ಮನೆ, ಕನ್ನಡ ಆಡುವಾಗಲೂ ಅತ್ತಿಗೆಯಾದ ನನ್ನನ್ನು ವದಿನಾ ಎನ್ನುತ್ತಾಳೆ.

"ವದಿನಾ, ಚಳ್ಳಕೆರೆಯೋರು ನನಗೆ ಫೋನ್ ಮಾಡ್ಯಾರೆ. ನಿನ್ನ ಬಾಯಿ ಆಡ್ತೈತಂತೆ, ಒಂದು ಮಾತೂ ಕೇಳ್ತಿಲ್ಲಂತೆ."

ನಾಲ್ಕು ನಿಮಿಷದಿಂದ ಅವರೆಲ್ಲ ಕೂಗುತ್ತಿದ್ದದ್ದು ಬಳೆಗಳ ಪಕ್ಕದ ಇಯರ್‌ಫೋನಿನೊಳಗೆ ಸಣ್ಣಗೆ ಗುಂಯ್‌ಗುಟ್ಟುತ್ತಿತ್ತು. ಕನ್ನಡಕ ಹಾಕಿ ನೋಡಿದರೆ ಪಟ್ಟಿಯಲ್ಲಿದ್ದದ್ದು, ನಿಮ್ಮ ಮೈಕು ಮುಚ್ಚಿದೆ ಎಂಬ ಸೂಚನೆ. ಅದರ ಕೆಳಗೆ, ಮೈಕು ತೆರೆಯುವಂತೆ ಹಿರಿಯರು ಕಳಿಸಿದ್ದ ಕೋರಿಕೆ. ಅವರು ಕೇಳಬಹುದು ಅಷ್ಟೇ, ತೆರೆಯಬೇಕಾದವಳು ನಾನೇ. ವೈರು ಕಿತ್ತೆ, ಮೈಕು ಒತ್ತಿದೆ, ಗೀಟು ಹೋಯಿತು.

ಮೊದಲಿಂದ ಹೇಳ್ತೀನಿ ಎಂದೆ. ಹಿರಿಯರು ಬೇಡವೆಂದರು. ಪರದೆಯ ಮೇಲೆ ಸೀರೆಯ ಫೋಟೋ ತೋರಿಸುತ್ತಿದ್ದದ್ದನ್ನು ಅವರು ನಿಲ್ಲಿಸಿದ್ದರಿಂದ ಎಲ್ಲರ ಪರದೆಯ ತುಂಬ ನಾನೇ ಇದ್ದೆನಂತೆ.

"ಶೇಂಗಾ ಆಗಿದ್ರೆ ಒಡೆದು ನೋಡ್ತಿದ್ದೆ ಕಣ್ರಿ. ನೀವು ಅಂಗೆ ಜಗ್ಗಿದ್ರೂ ಬಿಡ್ಲಿಲ್ಲ ಅಂದ್ಮೇಲೆ ಹೊಲಿಗೆ ಅಲ್ಲ ಬಿಡ್ರಿ. ಆದ್ರೆ ಮೂರನೇದ್ರಾಗೆ ಬೆಳಕು ಕಾಣ್ತಲ್ಲ, ಅದೇನು?"

ನಾದಿನಿ ಪಕ್ಕದಲ್ಲೇ ನಿಂತಿದ್ದಳು.

"ಅದು ತಪ್ಪೇ ಸರ್. ಅದು ನಮ್ಮತ್ರನೇ ಇರ್ಲಿ, ಉಳಿದ ನಾಲ್ಕು ತಗೊಳ್ಳಿ."

ಹೇಳಿದ ಮೇಲೆ ಮೈಕಿನ ಚಿತ್ರ ನೋಡಿದೆ, ತೆರೆದೇ ಇತ್ತು. ಹಿರಿಯರು ನಾಲ್ಕನ್ನೂ ತೆಗೆದುಕೊಳ್ಳುವುದಾಗಿ ಹೇಳಿದರು. ಮುಂದೆ ಫೋಟೋ ಬೇಡ, ಹೀಗೇ ಜಗ್ಗಿ ತೋರಿಸುವ ವಿಡಿಯೋ ಕಳಿಸಿ, ಮಾತೂ ಇರಲಿ ಎಂದಾಗ ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ನಾದಿನಿಗೆ ಒಂದು ಸೀರೆಯ ಸಂಕಟ ಸಂಜೆಯವರೆಗೂ ಇತ್ತು. ಅವರಿಗೆ ಮಾತೇ ಕೇಳದ ಮೇಲೆ ಅದನ್ನು ಬೇಗ ಮಡಿಸಿಬಿಡಬಹುದಿತ್ತಲ್ಲ ಎಂದು ಗೊಣಗಿದಳು. ಕೇಳುತ್ತದೆಂದುಕೊಂಡೇ ಹೇಳಿದ್ದು ಕಣೆ ಎಂದೆ. ಅವಳು ಆ ಸೀರೆಯನ್ನು ಬಿಡಿಸಿ ಕೊಂಡಿ ತಪ್ಪಿದ ಜಾಗವನ್ನು ಬೆರಳಲ್ಲಿ ಹುಡುಕಿದಳು, ಸಿಕ್ಕಿತು, ತಾನೇ ಮಡಿಸಿಟ್ಟಳು.

ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು, ಸುಟ್ಟ ಹಪ್ಪಳ. ಅವಳು ನನ್ನ ತಟ್ಟೆಗೆ ತನ್ನ ಹಪ್ಪಳದ ಅರ್ಧ ಮುರಿದು ಹಾಕಿದಳು. ಆ ರಾತ್ರಿ ಮೊದಲು ನಿದ್ದೆ ಹೋದವಳೂ ಅವಳೇ.